ಒತ್ತಡವೋ ಹಣೆಪಟ್ಟಿಯೋ? ಬಾಲಾಪರಾಧದ ಪ್ರಬಂಧದಲ್ಲಿ ಹೋಲಿಕೆ ಎಲ್ಲಿಂದ ಶುರು ಮಾಡಬೇಕು

ಕೊನೇ_ಬೆಂಚು

ಎಲ್ಲರಿಗೂ ನಮಸ್ಕಾರ. ಅಪರಾಧಶಾಸ್ತ್ರದ ಪ್ರಬಂಧ ಒಂದರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಪ್ರಶ್ನೆ ಇದು: ‘ಬಾಲಾಪರಾಧವನ್ನು ವಿವರಿಸುವಲ್ಲಿ ಸ್ಟ್ರೇನ್ ಥಿಯರಿ ಮತ್ತು ಲೇಬಲಿಂಗ್ ಥಿಯರಿಗಳನ್ನು ಹೋಲಿಸಿ ವಿಮರ್ಶಿಸಿ.’ 2000 ಪದ.

ಮೊದಲ ಕರಡು ಕೊಟ್ಟಾಯಿತು. ಮೊದಲ ಸಾವಿರ ಪದದಲ್ಲಿ ಸ್ಟ್ರೇನ್, ಅಂದರೆ ಒತ್ತಡದ ಕಡೆಯ ಮರ್ಟನ್, ಕೋಹೆನ್, ಆಗ್ನ್ಯೂ. ಉಳಿದ ಸಾವಿರದಲ್ಲಿ ಲೇಬಲಿಂಗ್, ಅಂದರೆ ಹಣೆಪಟ್ಟಿ ಕಡೆಯ ಲೆಮರ್ಟ್, ಬೆಕರ್. ಕೊನೆಗೆ, ‘ಹುಡುಗ ಮೊದಲ ಸಲ ತಪ್ಪು ಮಾಡುವುದಕ್ಕೆ ಒತ್ತಡ ಕಾರಣ, ಮತ್ತೆ ಮತ್ತೆ ಮಾಡುವುದಕ್ಕೆ ಹಣೆಪಟ್ಟಿ ಕಾರಣ, ಹಾಗಾಗಿ ಎರಡೂ ಒಂದಕ್ಕೊಂದು ಪೂರಕ’ ಅಂತ ಮುಗಿಸಿದ್ದೆ. ನನಗೆ ಚೆನ್ನಾಗಿದೆ ಅನ್ನಿಸಿತ್ತು. ವಾಪಸ್ ಬಂದಾಗ ಕೊನೇ ಪುಟದ ಅಂಚಿನಲ್ಲಿ ಕೆಂಪು ಇಂಕಿನಲ್ಲಿ ಎರಡೇ ಪದ ಇತ್ತು: ‘ಹೋಲಿಕೆ ಎಲ್ಲಿ?’

ಇನ್ನೇನು ಹೋಲಿಸಬೇಕು ಅಂತ ನಿಜಕ್ಕೂ ಗೊತ್ತಾಗುತ್ತಿಲ್ಲ. ಯಾರಾದರೂ ದಾರಿ ತೋರಿಸಿ.

ಬಿಡುವಿನ_ಓದು

ಇದು ಸುಲಭದ ಪ್ರಶ್ನೆ ಅಲ್ವಾ? ಒತ್ತಡ ಸಿದ್ಧಾಂತ ಅಂದರೆ ಬಡತನ. ಆಸೆ ಇದೆ, ಕೈಯಲ್ಲಿ ಕಾಸಿಲ್ಲ, ಕದಿಯುತ್ತಾನೆ. ಹಣೆಪಟ್ಟಿ ಅಂದರೆ ಕಳ್ಳ ಕಳ್ಳ ಅಂತ ಕರೆದು ಕರೆದು ಕಳ್ಳನನ್ನೇ ಮಾಡುವುದು. ಎರಡನೆಯದು ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ. ಕದ್ದಮೇಲೆ ತಾನೇ ಕಳ್ಳ ಅಂತ ಕರೆಯುವುದು? ಕದಿಯುವ ಮೊದಲು ಯಾರೂ ಕರೆದಿರಲಿಲ್ಲ. ಕಾರ್ಯ ಮೊದಲು ಬಂದು ಕಾರಣ ಆಮೇಲೆ ಬರುವುದು ಹೇಗೆ? ಅದನ್ನೇ ವಿಮರ್ಶೆ ಅಂತ ಬರೆಯಿರಿ. ಒತ್ತಡ ಗೆಲ್ಲುತ್ತದೆ, ಮುಗಿಯಿತು.

ನೇರಮಾತು

ನನ್ನ ಪ್ರಕಾರ ಇಂಥ ಹುಡುಗರಿಗೆ ಬುದ್ಧಿ ಹೇಳಿ ಬಿಟ್ಟರೆ ಸರಿಹೋಗಲ್ಲ. ಮೊದಲ ಸಲವೇ ಬಿಗಿಯಾಗಿ ಹಿಡಿದರೆ ಎರಡನೇ ಸಲ ಮಾಡುವುದಿಲ್ಲ. ಯಾವ ಥಿಯರಿ ಶಿಕ್ಷೆ ಜಾಸ್ತಿ ಕೊಡಬೇಕು ಅನ್ನುತ್ತದೋ ಅದನ್ನು ಬರೆಯಿರಿ.

ಕೊನೇ_ಬೆಂಚು

ನೇರಮಾತು ಅವರೇ, ಎರಡೂ ಶಿಕ್ಷೆ ಜಾಸ್ತಿ ಮಾಡಿ ಅನ್ನುವುದಿಲ್ಲ 🙂 ಪ್ರಶ್ನೆ ಶಿಕ್ಷೆಯದ್ದಲ್ಲ, ಹುಡುಗರು ಯಾಕೆ ಮಾಡುತ್ತಾರೆ ಅನ್ನುವುದು.

ಬಿಡುವಿನ ಓದು ಅವರು ಹೇಳಿದ್ದು ನನ್ನ ಕರಡಿನಲ್ಲೂ ಒಂದು ಸಾಲು ಇತ್ತು. ಅದರ ಪಕ್ಕದಲ್ಲಿ ಮೇಷ್ಟ್ರು ಬರೀ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ.

ತಿದ್ದುವ_ಪೆನ್ನು

ಹತ್ತು ವರ್ಷ ಇಂಥದ್ದೇ ಉತ್ತರಪತ್ರಿಕೆ ತಿದ್ದಿದ್ದೇನೆ. ‘ಒಂದು ಶುರುವಿಗೆ, ಇನ್ನೊಂದು ಮುಂದುವರಿಕೆಗೆ’ ಅನ್ನುವ ಮುಕ್ತಾಯ ನೂರಕ್ಕೆ ಎಂಬತ್ತು ಪತ್ರಿಕೆಯಲ್ಲಿ ಬರುತ್ತದೆ ಅಂದರೆ ಉತ್ಪ್ರೇಕ್ಷೆ ಅನ್ನಬೇಡಿ, ಸುಸ್ತಾಗಿ ಹೇಳುತ್ತಿದ್ದೇನೆ. ಅದು ಪೂರ್ತಿ ತಪ್ಪಲ್ಲ. ಆದರೆ ಎರಡು ಸಿದ್ಧಾಂತಕ್ಕೂ ಬೇರೆ ಬೇರೆ ಕೋಣೆ ಕೊಟ್ಟು ಬಾಗಿಲು ಹಾಕಿದ ಹಾಗೆ. ಅವು ಎದುರುಬದುರು ಬರುವುದೇ ಇಲ್ಲ. ಎದುರುಬದುರು ಬಾರದೆ ಹೋಲಿಕೆ ಎಲ್ಲಿಂದ ಬರಬೇಕು?

ಮೊದಲು ಬಿಡುವಿನ ಓದು ಅವರ ಮಾತಿಗೆ. ಹುಡುಗ ಮೊದಲ ತಪ್ಪು ಮಾಡುವುದು ಹಣೆಪಟ್ಟಿಯಿಂದ ಅಂತ ಆ ಸಿದ್ಧಾಂತದ ಯಾವ ದೊಡ್ಡ ಹೆಸರೂ ಹೇಳಿಲ್ಲ. 1951ರಲ್ಲೇ ಎಡ್ವಿನ್ ಲೆಮರ್ಟ್ ಇದನ್ನು ಬಿಡಿಸಿ ಹೇಳಿದ. ಮೊದಲ ತಪ್ಪಿಗೆ ನೂರಾರು ಕಾರಣ ಇರಬಹುದು, ಅದರಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ ಅಂದ. ಬಹುತೇಕ ಹುಡುಗರು ಒಂದಲ್ಲ ಒಂದು ಮಾಡೇ ಮಾಡುತ್ತಾರೆ, ಬೆಳೆಯುತ್ತಾ ಮರೆತೂಬಿಡುತ್ತಾರೆ. ಕೆಲವರಿಗೆ ಮಾತ್ರ ಆ ತಪ್ಪೇ ಗುರುತಾಗಿಬಿಡುತ್ತದೆ. ಅವನು ನೋಡಿದ್ದು ಈ ಎರಡನೇ ಘಟ್ಟವನ್ನು. ಹಾಗಾಗಿ ‘ಕಾರಣ ಆಮೇಲೆ ಬಂತು’ ಅನ್ನುವ ಏಟು ಅವನಿಗೆ ತಾಗುವುದಿಲ್ಲ.

ಒತ್ತಡ ಅಂದರೆ ಬಡತನ ಅನ್ನುವುದೂ ಅರ್ಧ ಸರಿ. ಮರ್ಟನ್ ಹೇಳಿದ್ದು ಬಡತನದ ಮಾತಲ್ಲ, ಅಂತರದ ಮಾತು. ಎಲ್ಲರ ಮುಂದೆಯೂ ಒಂದೇ ಗುರಿ ಇಟ್ಟು, ಅಲ್ಲಿಗೆ ಹೋಗುವ ಏಣಿಯನ್ನು ಕೆಲವರಿಗೆ ಮಾತ್ರ ಕೊಟ್ಟರೆ ಏನಾಗುತ್ತದೆ ಅನ್ನುವುದು ಅವನ ಪ್ರಶ್ನೆ. ಎಲ್ಲರೂ ಬಡವರೇ ಆಗಿದ್ದು, ಯಾರೂ ಶ್ರೀಮಂತಿಕೆಯ ಕನಸು ಕಾಣದ ಕಡೆ ಅವನ ಪ್ರಕಾರ ಅಂಥ ಒತ್ತಡ ಹುಟ್ಟುವುದಿಲ್ಲ.

ಒಂದು ಸಣ್ಣ ವಿಷಯ, ನನಗೆ ಇಷ್ಟ ಅಂತ ಹೇಳುತ್ತೇನೆ. ಮರ್ಟನ್‌ನ ಆ ಲೇಖನ ಬಂದದ್ದು 1938ರಲ್ಲಿ. ಹಣೆಪಟ್ಟಿ ವಿಚಾರಕ್ಕೆ ಬೀಜ ಹಾಕಿದ ಫ್ರಾಂಕ್ ಟ್ಯಾನನ್‌ಬಾಮ್‌ನ ಪುಸ್ತಕವೂ ಅದೇ 1938. ಮರ್ಟನ್ ಹುಡುಗನ ಬೆನ್ನ ಹಿಂದೆ ಇರುವುದನ್ನು ನೋಡಿದ, ಟ್ಯಾನನ್‌ಬಾಮ್ ಹುಡುಗನನ್ನು ಹಿಡಿದ ಕೈಯನ್ನು ನೋಡಿದ. ವಿದ್ಯಾರ್ಥಿಗಳು ಇದನ್ನು ಹಳೆಯದು, ಹೊಸದು ಅಂತ ಬರೆಯುತ್ತಾರೆ. ಎರಡಕ್ಕೂ ಒಂದೇ ವಯಸ್ಸು.

ಕೊನೇ_ಬೆಂಚು

ಮೇಡಂ, ಎದುರುಬದುರು ತರುವುದು ಅಂದರೆ ಹೇಗೆ? ಒಂದು ಉದಾಹರಣೆ ಕೊಟ್ಟರೆ ಪುಣ್ಯ ಬರುತ್ತದೆ.

ತಿದ್ದುವ_ಪೆನ್ನು

ಒಬ್ಬ ಹುಡುಗನನ್ನು ತಗೊಳ್ಳಿ. ವಯಸ್ಸು 15. ಶಾಲೆಯಲ್ಲಿ ಹಿಂದೆ ಬಿದ್ದಿದ್ದಾನೆ. ಅಪ್ಪನ ಕೆಲಸ ಹೋಗಿದೆ. ಅಂಗಡಿಯಲ್ಲಿ ಹೆಡ್‌ಫೋನ್ ಒಂದನ್ನು ಅಂಗಿಯೊಳಗೆ ಸೇರಿಸಿದ. ಎರಡು ವಾರ ಬಿಟ್ಟು ಇಬ್ಬರು ಗೆಳೆಯರ ಜೊತೆ ಶಾಲೆಯ ಕಿಟಕಿಗಳಿಗೆ ಕಲ್ಲು ಹೊಡೆದ.

ಹೆಡ್‌ಫೋನ್ ಮರ್ಟನ್‌ಗೆ ಸಲೀಸು. ಬೇಕಾದ್ದು ಇದೆ, ನೇರ ದಾರಿ ಮುಚ್ಚಿದೆ, ಅಡ್ಡದಾರಿ ಹಿಡಿದ. ಕಿಟಕಿ ಅಷ್ಟು ಸಲೀಸಲ್ಲ. ಗಾಜು ಒಡೆದರೆ ಏನು ಸಿಕ್ಕಿತು? ಇಲ್ಲಿ ಆಲ್ಬರ್ಟ್ ಕೋಹೆನ್ 1955ರಲ್ಲಿ ಬಂದು, ಹುಡುಗರಿಗೆ ಬೇಕಾದದ್ದು ದುಡ್ಡಲ್ಲ, ಮರ್ಯಾದೆ ಅಂದ. ಶಾಲೆಯ ಅಳತೆಗೋಲಲ್ಲಿ ಸೋತ ಹುಡುಗ ಆ ಅಳತೆಗೋಲನ್ನೇ ಮುರಿಯುತ್ತಾನೆ. ರಾಬರ್ಟ್ ಆಗ್ನ್ಯೂ 1992ರಲ್ಲಿ ಇನ್ನೂ ಅಗಲ ಮಾಡಿದ. ಗುರಿ ಕೈತಪ್ಪುವುದು ಒಂದೇ ಅಲ್ಲ, ಪ್ರೀತಿಯದ್ದು ಕಳೆದುಹೋಗುವುದು, ಹಿಂಸೆ ಮೈಮೇಲೆ ಬರುವುದು, ಇವೂ ಒತ್ತಡವೇ. ಅಪರಾಧಕ್ಕೂ ಒತ್ತಡಕ್ಕೂ ನಡುವೆ ಅವನು ಇಟ್ಟದ್ದು ಭಾವನೆಯನ್ನು, ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟನ್ನು.

ಹಣೆಪಟ್ಟಿ ಸಿದ್ಧಾಂತ ಇಷ್ಟು ಹೊತ್ತೂ ಬಾಯಿ ಬಿಟ್ಟಿರುವುದಿಲ್ಲ. ಅದರ ಕಥೆ ಶುರುವಾಗುವುದು ಅಂಗಡಿಯ ಬಾಗಿಲಲ್ಲಿ, ಮಾಲೀಕ ಹುಡುಗನ ತೋಳು ಹಿಡಿದ ಕ್ಷಣದಲ್ಲಿ. ಯಾರಿಗೆ ಫೋನ್ ಮಾಡುತ್ತಾನೆ? ಅಪ್ಪನಿಗೋ, ಪೊಲೀಸರಿಗೋ?

ಈಗ ಇನ್ನೊಬ್ಬ ಹುಡುಗನನ್ನು ತನ್ನಿ. ಅದೇ ವಯಸ್ಸು, ಅದೇ ಥರದ ಮನೆ, ಅದೇ ಹೆಡ್‌ಫೋನ್. ಇವನ ವಿಷಯದಲ್ಲಿ ಫೋನ್ ಅಪ್ಪನಿಗೆ ಹೋಯಿತು. ಮೊದಲನೆಯವನದು ಠಾಣೆಗೆ, ಅಲ್ಲಿಂದ ಬಾಲ ನ್ಯಾಯಾಲಯಕ್ಕೆ. ಒಂದು ವರ್ಷ ಕಳೆದಮೇಲೆ ಇಬ್ಬರೂ ಎಲ್ಲಿರುತ್ತಾರೆ?

ಹಳೇ ಒತ್ತಡ ಸಿದ್ಧಾಂತವನ್ನು ಕೇಳಿದರೆ, ಇಬ್ಬರ ಮೇಲೂ ಒಂದೇ ಒತ್ತಡ ಇದೆ, ಹಾಗಾಗಿ ಹೆಚ್ಚುಕಮ್ಮಿ ಒಂದೇ ಕಡೆ ಇರುತ್ತಾರೆ ಅನ್ನಬೇಕು. ಹಣೆಪಟ್ಟಿ ಸಿದ್ಧಾಂತ ಇಲ್ಲ, ಠಾಣೆಗೆ ಹೋದವನು ಇನ್ನೂ ಕೆಳಗಿಳಿದಿರುತ್ತಾನೆ ಅನ್ನುತ್ತದೆ. ಒಂದೇ ಪ್ರಶ್ನೆ, ಎರಡು ಬೇರೆ ಉತ್ತರ. ನಿಮ್ಮ ಮೇಷ್ಟ್ರು ಕೇಳಿದ ಹೋಲಿಕೆ ಇದೇ ಜಾಗದಲ್ಲಿದೆ.

ಗಾಳಿಪಟ

ಓದುತ್ತಿದ್ದರೆ ನನ್ನದೇ ಕಥೆ ಅನ್ನಿಸಿತು, ಬರೆಯದೆ ಇರಲಾಗಲಿಲ್ಲ. ಎಂಟನೇ ಕ್ಲಾಸಿನಲ್ಲಿ ನಾವು ನಾಲ್ಕು ಜನ ಪ್ರಯೋಗಾಲಯದ ಬೀಗ ಒಡೆದು ಒಳಗೆ ಹೋಗಿದ್ದೆವು. ಏನೂ ಕದಿಯಲಿಲ್ಲ, ಸುಮ್ನೆ ಹೋಗಿದ್ದು. ಸಿಕ್ಕಿಬಿದ್ದವನು ನಾನೊಬ್ಬನೇ, ಯಾಕಂದರೆ ನಾನು ನಿಧಾನ ಓಡುತ್ತಿದ್ದೆ.

ಅದಾದಮೇಲೆ ಎರಡು ವರ್ಷ ಕ್ಲಾಸಿನಲ್ಲಿ ಪೆನ್ನು ಕಾಣೆಯಾದರೂ ಮೊದಲು ತೆಗೆಸುತ್ತಿದ್ದದ್ದು ನನ್ನ ಬ್ಯಾಗು. ಎಲ್ಲರೆದುರು ಮೇಜಿನ ಮೇಲೆ ಸುರಿಯಬೇಕು. ಒಂದು ದಿನ ಟಿಫನ್ ಡಬ್ಬಿ ಮುಚ್ಚಳ ತೆರೆದುಕೊಂಡು ಅನ್ನವೆಲ್ಲ ಪುಸ್ತಕದ ಮೇಲೆ ಬಿತ್ತು. ಯಾರೋ ನಕ್ಕರು. ಪೆನ್ನು ಆಮೇಲೆ ಅದನ್ನು ಕಳೆದುಕೊಂಡವನ ಜೇಬಲ್ಲೇ ಸಿಕ್ಕಿತು. ಉಳಿದ ಮೂವರು ಆರಾಮಾಗಿದ್ದರು.

ನಿಜ ಹೇಳುತ್ತೇನೆ, ಅವತ್ತು ಸಂಜೆ ನಾನು ಆ ಶಾಲೆಯ ಎರಡು ನಲ್ಲಿ ಮುರಿದೆ. ಹಾಗಾದರೆ ನಾನು ಮುರಿದದ್ದು ಹಣೆಪಟ್ಟಿಯಿಂದಲೋ, ಆಗ್ನ್ಯೂ ಹೇಳಿದ ಸಿಟ್ಟಿನಿಂದಲೋ?

ಬಿಡುವಿನ_ಓದು

ಸಿಟ್ಟಿನಿಂದ. ನೋಡಿ, ನಾನು ಹೇಳಿದ್ದೇ ಸರಿ ಆಯಿತು. ಹಣೆಪಟ್ಟಿಯೂ ಒಂದು ಒತ್ತಡ ಅಷ್ಟೇ. ಬೇರೆ ಸಿದ್ಧಾಂತ ಯಾಕೆ ಬೇಕು?

ತಿದ್ದುವ_ಪೆನ್ನು

ಗಾಳಿಪಟ ಅವರೇ, ಈ ಚರ್ಚೆಯ ಗಂಟು ಇರುವ ಜಾಗಕ್ಕೇ ಕೈ ಹಾಕಿದಿರಿ. ಮತ್ತೆ ಬಿಡುವಿನ ಓದು ಅವರೇ, ಈ ಸಲ ನೀವು ಹೇಳಿದ್ದರಲ್ಲಿ ತೂಕ ಇದೆ.

ಆಗ್ನ್ಯೂ 2001ರಲ್ಲಿ ತನ್ನ ಮಾತನ್ನು ಇನ್ನಷ್ಟು ಬಿಗಿ ಮಾಡಿದ. ಎಲ್ಲ ಒತ್ತಡವೂ ಅಪರಾಧಕ್ಕೆ ದೂಡುವುದಿಲ್ಲ. ಅನ್ಯಾಯ ಅನ್ನಿಸಬೇಕು, ದೊಡ್ಡದು ಅನ್ನಿಸಬೇಕು, ತಿದ್ದುವವರ ಹಿಡಿತ ಸಡಿಲವಾಗಿರಬೇಕು, ಅಪರಾಧದ ಕಡೆಗೇ ಎಳೆಯುವಂತಿರಬೇಕು. ಎಲ್ಲರೆದುರು ಬ್ಯಾಗು ಸುರಿಸುವುದು ಮೊದಲ ಎರಡಕ್ಕಂತೂ ಅಳತೆ ತೆಗೆದು ಹೊಲಿದ ಹಾಗಿದೆ. ಅಂದರೆ ಹೊಸ ಒತ್ತಡ ಸಿದ್ಧಾಂತ ಹಣೆಪಟ್ಟಿಯನ್ನು ನುಂಗಿಬಿಡಬಲ್ಲದು. ಠಾಣೆಗೆ ಹೋದ ಹುಡುಗ ಕೆಳಗಿಳಿದರೆ, ಹೌದು, ಅವನ ಮೇಲೆ ಒತ್ತಡ ಜಾಸ್ತಿ ಆಯಿತಲ್ಲ ಅಂದುಬಿಡುತ್ತದೆ. ಮೇಲೆ ನಾನು ಹಾಕಿದ ಪರೀಕ್ಷೆ ಮರ್ಟನ್‌ಗೆ ಕಷ್ಟ, ಆಗ್ನ್ಯೂಗೆ ಕಷ್ಟವೇ ಅಲ್ಲ.

ಹಾಗಾದರೆ ಬಿಡಿಸುವುದು ಹೇಗೆ? ಹಾದಿ ನೋಡಬೇಕು. ಆಗ್ನ್ಯೂ ಪ್ರಕಾರ ನಡುವೆ ಸಿಟ್ಟು ಇರಬೇಕು. ಹಣೆಪಟ್ಟಿಯವರ ಪ್ರಕಾರ ಸಿಟ್ಟು ಇಲ್ಲದಿದ್ದರೂ ನಡೆಯುತ್ತದೆ. ಒಳ್ಳೆ ಗೆಳೆಯರ ಮನೆಯಲ್ಲಿ ‘ಅವನ ಜೊತೆ ಸೇರಬೇಡ’ ಅನ್ನುತ್ತಾರೆ. ಶಾಲೆ ದೂರ ಇಡುತ್ತದೆ. ಉಳಿಯುವವರು ಅವನಂಥವರೇ. ಹುಡುಗ ತಣ್ಣಗೆ ಇದ್ದರೂ ಸಹವಾಸ ಬದಲಾಗಿದೆ. ಬರ್ನ್‌ಬರ್ಗ್, ಕ್ರೋನ್ ಮತ್ತು ರಿವೇರಾ ಅನ್ನುವವರು 2006ರಲ್ಲಿ ಇದನ್ನೇ ನೋಡಿದರು, ಅಮೆರಿಕದ ರಾಚೆಸ್ಟರ್ ನಗರದ ಹುಡುಗರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಮಾಹಿತಿಯಲ್ಲಿ. ಬಾಲ ನ್ಯಾಯ ವ್ಯವಸ್ಥೆಯ ಕೈಗೆ ಸಿಕ್ಕವರು ಆಮೇಲೆ ಗ್ಯಾಂಗು, ತಪ್ಪು ಮಾಡುವ ಗೆಳೆಯರ ಕಡೆ ಸರಿದಿದ್ದರು. ನಂತರದ ಅಪರಾಧಕ್ಕೆ ಆ ಸಹವಾಸವೇ ಸೇತುವೆ ಆಗಿತ್ತು.

ಗಾಳಿಪಟ ಅವರೇ, ನಿಮ್ಮ ನಲ್ಲಿ ಆಗ್ನ್ಯೂ ಪಾಲಿಗೇ ಹೋಗುತ್ತದೆ ಅನ್ನಿಸುತ್ತದೆ. ಆದರೆ ಒಂದು ಕೇಳುತ್ತೇನೆ. ಆ ಎರಡು ವರ್ಷದಲ್ಲಿ ನಿಮ್ಮ ಗೆಳೆಯರು ಬದಲಾದರಾ?

ಗಾಳಿಪಟ

ಬದಲಾದರು. ಬೀಗ ಒಡೆದ ಮೂವರೇ ಮಾತಾಡಿಸುವುದು ಬಿಟ್ಟರು! ನನ್ನ ಜೊತೆ ಕಂಡರೆ ತಮ್ಮ ಮೇಲೂ ಅನುಮಾನ ಬರುತ್ತದೆ ಅಂತ. ಆಮೇಲೆ ನಾನು ಸೇರಿದ್ದು ಕಾಂಪೌಂಡ್ ಹಿಂದೆ ಕೂರುವವರ ಜೊತೆ. ಅವರು ಕೆಟ್ಟವರೇನಲ್ಲ. ಆದರೆ ಮೊದಲ ಸಿಗರೇಟು ಅಲ್ಲೇ.

ಅಂಕಿಅಂಶ_ಪ್ರಿಯ

ತಡವಾಗಿ ಬಂದೆ. ಒಂದು ದೊಡ್ಡ ತೂತು ಇನ್ನೂ ಹಾಗೇ ಉಳಿದಿದೆ. ಠಾಣೆಗೆ ಹೋದವರನ್ನೂ ಹೋಗದವರನ್ನೂ ಹೋಲಿಸುತ್ತೀರಿ. ಆದರೆ ಪೊಲೀಸರು ಚೀಟಿ ಎತ್ತಿ ಹಿಡಿಯುವುದಿಲ್ಲವಲ್ಲ. ಜಾಸ್ತಿ ತಂಟೆ ಮಾಡುವವನೇ ಜಾಸ್ತಿ ಸಿಗುತ್ತಾನೆ. ಅವನು ಆಮೇಲೂ ಜಾಸ್ತಿ ತಂಟೆ ಮಾಡಿದರೆ ಅದು ಹಣೆಪಟ್ಟಿಯ ತಪ್ಪು ಹೇಗೆ? ಮೊದಲಿಂದಲೂ ಹಾಗೇ ಇದ್ದ. ರಾಚೆಸ್ಟರ್ ಅಧ್ಯಯನದಲ್ಲಿ ಹಿಂದಿನ ತಂಟೆಯನ್ನು ಲೆಕ್ಕಕ್ಕೆ ಹಿಡಿದಿದ್ದಾರೆ, ಸರಿ, ಆದರೆ ಲೆಕ್ಕಕ್ಕೆ ಸಿಗದ್ದು ಯಾವಾಗಲೂ ಏನಾದರೂ ಇರುತ್ತದೆ.

ಇದಕ್ಕೆ ಒಂದೇ ಮದ್ದು. ಯಾರನ್ನು ನ್ಯಾಯಾಲಯಕ್ಕೆ ಕಳಿಸಬೇಕು, ಯಾರನ್ನು ಬಿಡಬೇಕು ಅನ್ನುವುದನ್ನು ನಿಜವಾಗಿಯೂ ಚೀಟಿ ಎತ್ತಿ ತೀರ್ಮಾನಿಸಬೇಕು. ಯಾರೂ ಒಪ್ಪುವುದಿಲ್ಲ ಅನ್ನಿಸುತ್ತದೆ ಅಲ್ವಾ? ಮಾಡಿದ್ದಾರೆ. ಮಾಲ್ಕಮ್ ಕ್ಲೈನ್ 1986ರಲ್ಲಿ ಪ್ರಕಟಿಸಿದ ಪ್ರಯೋಗ. ಪೊಲೀಸರ ಕೈಗೆ ಸಿಕ್ಕ 306 ಹುಡುಗ ಹುಡುಗಿಯರು. ತೀರಾ ಸಣ್ಣ ತಪ್ಪಿನವರೂ ಅಲ್ಲ, ತೀರಾ ಗಂಭೀರದವರೂ ಅಲ್ಲ, ನಡುವಿನವರು. ಇವರನ್ನು ಲಾಟರಿಯ ಹಾಗೆ ನಾಲ್ಕು ಗುಂಪಿಗೆ ಹಂಚಿದರು. ಒಂದು ಗುಂಪಿಗೆ ಬುದ್ಧಿ ಹೇಳಿ ಮನೆಗೆ ಕಳಿಸಿದರು. ಎರಡು ಗುಂಪನ್ನು ಬೇರೆ ಬೇರೆ ರೀತಿಯಲ್ಲಿ ಸಹಾಯ ಕೇಂದ್ರಗಳ ಕಡೆ ಕಳಿಸಿದರು. ಕೊನೆಯ ಗುಂಪಿನ ಮೇಲೆ ಬಾಲ ನ್ಯಾಯಾಲಯಕ್ಕೆ ಅರ್ಜಿ ಹೋಯಿತು.

ಆಮೇಲೆ ಎರಡು ಲೆಕ್ಕ ಹಿಡಿದರು. ಪೊಲೀಸ್ ದಾಖಲೆಯಲ್ಲಿ ಮತ್ತೆ ಬಂಧನ ಎಷ್ಟು, ಮತ್ತೆ ಹುಡುಗರನ್ನೇ ಕೂರಿಸಿ ಗುಟ್ಟಾಗಿ ಕೇಳಿದಾಗ ಅವರು ಒಪ್ಪಿಕೊಂಡ ತಪ್ಪು ಎಷ್ಟು. ದಾಖಲೆಯ ಪ್ರಕಾರ ನ್ಯಾಯಾಲಯಕ್ಕೆ ಹೋದವರೇ ಜಾಸ್ತಿ ಸಲ ಮತ್ತೆ ಸಿಕ್ಕಿಬಿದ್ದರು. ಹುಡುಗರೇ ಹೇಳಿದ ಲೆಕ್ಕದಲ್ಲಿ? ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

ಕೊನೇ_ಬೆಂಚು

ಒಂದು ನಿಮಿಷ. ತಪ್ಪು ಮಾಡಿದ್ದು ಸಮ, ಆದರೆ ಸಿಕ್ಕಿಬಿದ್ದದ್ದು ಜಾಸ್ತಿ?

ಅಂಕಿಅಂಶ_ಪ್ರಿಯ

ಹೌದು. ಇಲ್ಲಿ ಉಸಿರು ಬಿಗಿಹಿಡಿದು ಯೋಚಿಸಿ, ಯಾಕಂದರೆ ಇದನ್ನು ಇಬ್ಬರೂ ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಒತ್ತಡದವರು, ನೋಡಿ, ಹುಡುಗರ ನಡತೆ ಬದಲಾಗಲೇ ಇಲ್ಲ, ಹಣೆಪಟ್ಟಿ ಯಾರನ್ನೂ ಕಳ್ಳ ಮಾಡಲಿಲ್ಲ ಅನ್ನಬಹುದು. ಹಣೆಪಟ್ಟಿಯವರು, ನಾವು ಮೊದಲಿಂದ ಹೇಳಿದ್ದೇ ಅದು, ದಾಖಲೆ ಅನ್ನುವುದು ಹುಡುಗ ಮಾಡಿದ್ದರ ಲೆಕ್ಕವಲ್ಲ, ನೋಡುವವರ ಕಣ್ಣು ಎಲ್ಲಿದೆ ಅನ್ನುವುದರ ಲೆಕ್ಕ ಅನ್ನಬಹುದು. ಗಾಳಿಪಟ ಅವರ ಬ್ಯಾಗಿನ ಥರ. ಒಮ್ಮೆ ಹೆಸರು ಬಂದಮೇಲೆ ಮೊದಲು ತೆಗೆಸುವುದು ಅದನ್ನೇ.

ತಿದ್ದುವ_ಪೆನ್ನು

ಕ್ಲೈನ್ ನೆನಪಿಸಿದ್ದಕ್ಕೆ ಥ್ಯಾಂಕ್ಸ್. ಕೊನೇ ಬೆಂಚು, ನಿಮ್ಮ ಪ್ರಬಂಧದ ಬೆನ್ನೆಲುಬು ಇದೇ ಆಗಲಿ ಅನ್ನುತ್ತೇನೆ. ಯಾಕಂದರೆ ಇದು ಇನ್ನೊಂದು ಕೆಳಗಿನ ವ್ಯತ್ಯಾಸವನ್ನು ಮೇಲೆ ತರುತ್ತದೆ. ‘ಬಾಲಾಪರಾಧವನ್ನು ವಿವರಿಸುವುದು’ ಅಂದರೆ ಏನನ್ನು ವಿವರಿಸುವುದು? ಹುಡುಗ ಮಾಡಿದ್ದನ್ನೋ, ಹುಡುಗನ ಹೆಸರಲ್ಲಿ ದಾಖಲಾದದ್ದನ್ನೋ? ಒತ್ತಡ ಸಿದ್ಧಾಂತಕ್ಕೆ ಮೊದಲನೆಯದು ಮಾತ್ರ ಕಾಣುತ್ತದೆ. ಅದರಲ್ಲೂ ಮರ್ಟನ್, ಬಡ ಕೇರಿಗಳಲ್ಲಿ ಅಪರಾಧ ಜಾಸ್ತಿ ಅಂತ ಸರ್ಕಾರಿ ಅಂಕಿ ಹೇಳಿದ್ದನ್ನು ಹೆಚ್ಚುಕಮ್ಮಿ ನಂಬಿಕೊಂಡು ಅದಕ್ಕೆ ಕಾರಣ ಹುಡುಕಿದ. ಹಣೆಪಟ್ಟಿಯವರು ಆ ಅಂಕಿಯನ್ನೇ ಅನುಮಾನಿಸುತ್ತಾರೆ.

ಇದನ್ನು ತೋರಿಸಲು ವಿಲಿಯಂ ಚಾಂಬ್ಲಿಸ್ 1973ರಲ್ಲಿ ಬರೆದದ್ದಕ್ಕಿಂತ ಒಳ್ಳೆ ಚಿತ್ರ ಇಲ್ಲ. ಒಂದೇ ಪ್ರೌಢಶಾಲೆಯ ಎರಡು ಗುಂಪು. ಎಂಟು ಜನ ಅನುಕೂಲಸ್ಥರ ಮಕ್ಕಳು, ಅವರಿಗೆ ಅವನು ಇಟ್ಟ ಹೆಸರು ‘ಸಂತರು’. ಆರು ಜನ ಕೆಳವರ್ಗದ ಹುಡುಗರು, ಅವರು ‘ಪುಂಡರು’. ಸಂತರು ದಿನಾ ಕ್ಲಾಸು ತಪ್ಪಿಸಿ, ಕುಡಿದು, ಹುಚ್ಚಾಪಟ್ಟೆ ಕಾರು ಓಡಿಸುತ್ತಿದ್ದರು. ರಸ್ತೆ ರಿಪೇರಿ ಜಾಗದಲ್ಲಿ ಇಟ್ಟ ಎಚ್ಚರಿಕೆ ದೀಪಗಳನ್ನು ಎತ್ತಿಬಿಡುತ್ತಿದ್ದರು, ಬರುವ ಗಾಡಿ ಹಳ್ಳಕ್ಕೆ ಬೀಳಲಿ ಅಂತ. ಅವರು ಕಾನೂನು ಮುರಿದ ಸಲಗಳೇ ಜಾಸ್ತಿ ಅಂತ ಚಾಂಬ್ಲಿಸ್ ಹೇಳುತ್ತಾನೆ. ಆದರೂ ಅವನು ಗಮನಿಸಿದ ಎರಡು ವರ್ಷದಲ್ಲಿ ಸಂತರಲ್ಲಿ ಒಬ್ಬನೂ ಬಂಧನಕ್ಕೆ ಒಳಗಾಗಲಿಲ್ಲ. ಪುಂಡರು ಪದೇ ಪದೇ ಪೊಲೀಸರ ಕೈಗೆ ಬೀಳುತ್ತಿದ್ದರು.

ಕಾರಣ ಕೇಳಿದರೆ ನಗು ಬರುತ್ತದೆ. ಸಂತರ ಹತ್ತಿರ ಕಾರಿತ್ತು, ಊರಾಚೆ ಹೋಗಿ ತಂಟೆ ಮಾಡುತ್ತಿದ್ದರು. ಪುಂಡರಿಗೆ ಕಾರಿಲ್ಲ, ಊರ ನಡುವೆ ಎಲ್ಲರ ಕಣ್ಣೆದುರು ನಿಂತಿರುತ್ತಿದ್ದರು. ಸಿಕ್ಕಾಗ ಸಂತರು ತಲೆ ತಗ್ಗಿಸಿ ‘ತಪ್ಪಾಯಿತು ಸರ್’ ಅನ್ನುತ್ತಿದ್ದರು. ಪುಂಡರು ಎದುರುತ್ತರ ಕೊಡುತ್ತಿದ್ದರು.

ಎಚ್ಚರಿಕೆ ಒಂದಿದೆ. ಪುಂಡರು ಬರೀ ಅಮಾಯಕರಲ್ಲ. ಹೊಡೆದಾಟ, ಕಳ್ಳತನ ಅವರಲ್ಲಿ ನಿಜವಾಗಿಯೂ ಇತ್ತು. ಅದನ್ನು ಬಿಟ್ಟು ಬರೆದರೆ ತಿದ್ದುವವರು ಹಿಡಿಯುತ್ತಾರೆ.

ನೇರಮಾತು

ನೋಡಿದಿರಾ, ಸಂತರನ್ನೂ ಮೊದಲೇ ಹಿಡಿದಿದ್ದರೆ ಸರಿಹೋಗುತ್ತಿದ್ದರು. ನಾನು ಹೇಳಿದ್ದೂ ಅದೇ.

ಅಂಕಿಅಂಶ_ಪ್ರಿಯ

ಆ ಸಂತರನ್ನು ಯಾರೂ ಹಿಡಿಯಲಿಲ್ಲ, ಆದರೂ ಸರಿಹೋದರು ಸರ್, ಅದೇ ತಮಾಷೆ. ಒಬ್ಬನನ್ನು ಬಿಟ್ಟು ಎಲ್ಲರೂ ಕಾಲೇಜಿಗೆ ಹೋದರು.

ಬಿಗಿಯಾಗಿ ಹಿಡಿದರೆ ಎರಡನೇ ಸಲ ಮಾಡುವುದಿಲ್ಲ ಅನ್ನುವ ನಿಮ್ಮ ಮಾತನ್ನೂ ಅಳೆದು ನೋಡಿದ್ದಾರೆ. ಪೆಟ್ರೋಸಿನೊ ಮತ್ತು ಸಂಗಡಿಗರು 2010ರಲ್ಲಿ ಲಾಟರಿ ಥರ ಹಂಚಿದ 29 ಪ್ರಯೋಗಗಳನ್ನು ಒಟ್ಟು ಹಾಕಿದರು. ಒಟ್ಟು 7,304 ಮಕ್ಕಳು. ನ್ಯಾಯಾಲಯದ ದಾರಿಗೆ ಹಾಕಿದ್ದರಿಂದ ಅಪರಾಧ ಕಡಿಮೆ ಆಗಲಿಲ್ಲ. ಸ್ವಲ್ಪ ಜಾಸ್ತಿಯೇ ಆದ ಹಾಗೆ ಕಂಡಿತು. ಸುಮ್ಮನೆ ಬಿಟ್ಟವರಿಗಿಂತ, ನ್ಯಾಯಾಲಯದ ಬದಲು ಏನಾದರೂ ನೆರವಿನ ಕಾರ್ಯಕ್ರಮಕ್ಕೆ ಕಳಿಸಿದವರ ಜೊತೆ ಹೋಲಿಸಿದಾಗ ಅಂತರ ಇನ್ನೂ ದೊಡ್ಡದು.

ಬಿಡುವಿನ_ಓದು

ಆ ಕೊನೇ ಸಾಲು ಒತ್ತಡದ ಪರ ಅಲ್ವಾ? ಹಣೆಪಟ್ಟಿ ಒಂದೇ ಕೆಲಸ ಮಾಡುತ್ತಿದ್ದರೆ ಸುಮ್ಮನೆ ಬಿಡುವುದೇ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಬೇಕಿತ್ತು. ನೆರವು ಕೊಟ್ಟಾಗ ಜಾಸ್ತಿ ಫಲ ಬಂತು ಅಂದರೆ ಕೆಳಗಡೆ ಇದ್ದ ಒತ್ತಡ ಇಳಿಯಿತು ಅಂತ ತಾನೇ?

ತಿದ್ದುವ_ಪೆನ್ನು

ಒಳ್ಳೆ ಪಟ್ಟು. ಪ್ರಬಂಧದಲ್ಲಿ ಹಾಕಲೇಬೇಕಾದ ವಾದ ಇದು. ನಾನು ತಿದ್ದುತ್ತಿದ್ದರೆ ಇದಕ್ಕೆ ಅಂಕ ಕೊಡುತ್ತಿದ್ದೆ. ಆದರೆ ‘ಗೆಲ್ಲುತ್ತದೆ’ ಅಂತ ಮಾತ್ರ ಬರೆಯಬೇಡಿ. ನೆರವಿನ ಕೇಂದ್ರದಲ್ಲಿ ಇಳಿದದ್ದು ಒತ್ತಡವೋ, ಸಿಕ್ಕಿದ್ದು ಹೊಸ ಸಹವಾಸವೋ, ಅಥವಾ ಯಾರೋ ಒಬ್ಬ ದೊಡ್ಡವರು ಕಣ್ಣಿಟ್ಟದ್ದೋ, ಆ ಒಟ್ಟು ಅಂಕಿಯಿಂದ ತಿಳಿಯುವುದಿಲ್ಲ.

ಕೊನೇ_ಬೆಂಚು

ನನಗೆ ಈಗ ಇನ್ನೊಂದು ಗೊಂದಲ. ಕ್ಲೈನ್ ಪ್ರಕಾರ ನಡತೆ ಬದಲಾಗಲಿಲ್ಲ. ರಾಚೆಸ್ಟರ್ ಪ್ರಕಾರ ಸಹವಾಸ ಬದಲಾಗಿ ನಡತೆಯೂ ಬದಲಾಯಿತು. ಎರಡನ್ನೂ ಹಾಕಿದರೆ ನನ್ನ ಪ್ರಬಂಧವೇ ಜಗಳ ಆಡಲ್ವಾ?

ಅಂಕಿಅಂಶ_ಪ್ರಿಯ

ಆಡಲಿ ಬಿಡಿ. ಅದನ್ನು ಮುಚ್ಚಿಡಬೇಡಿ. ಲಿಬರ್‌ಮನ್, ಕರ್ಕ್ ಮತ್ತು ಕಿಮ್ 2014ರಲ್ಲಿ ಇದೇ ಜಗಳವನ್ನು ಎದುರಿಗಿಟ್ಟುಕೊಂಡು ಬರೆದಿದ್ದಾರೆ. ಶಿಕಾಗೋದ ಮಕ್ಕಳು. ಮೊದಲ ಬಂಧನ ಆದವರನ್ನು, ಎಲ್ಲ ವಿಷಯದಲ್ಲೂ ಅವರಂತೆಯೇ ಇದ್ದು ಬಂಧನ ಆಗದವರ ಜೊತೆ ಜೋಡಿ ಹಾಕಿ ನೋಡಿದರು. ಬಂಧನದಿಂದ ಎರಡೂ ಏರಿತ್ತು. ಹುಡುಗರು ಮಾಡಿದ್ದೂ ಜಾಸ್ತಿ, ಮತ್ತೆ ಸಿಕ್ಕಿಬಿದ್ದದ್ದೂ ಜಾಸ್ತಿ. ಆದರೆ ಸಿಕ್ಕಿಬಿದ್ದದ್ದು ಜಾಸ್ತಿ ಆಗಿದ್ದಕ್ಕೆ ಮಾಡಿದ್ದು ಜಾಸ್ತಿ ಆಗಿದ್ದು ಪೂರಾ ಕಾರಣ ಅಲ್ಲ. ಎರಡೂ ಬೇರೆ ಬೇರೆ ಹಾದಿಯಲ್ಲಿ ನಡೆದಿವೆ. ಒಂದು ಹುಡುಗನೊಳಗೆ, ಒಂದು ಹಿಡಿಯುವವರೊಳಗೆ. ಆಗ್ನ್ಯೂ ಮೊದಲನೆಯದನ್ನು ನುಂಗಬಹುದು. ಎರಡನೆಯದನ್ನು ಹೇಗೆ ನುಂಗುತ್ತಾನೆ? ಪೊಲೀಸರ ಕಣ್ಣು ಹುಡುಗನ ಸಿಟ್ಟಿನಿಂದ ಬದಲಾಗುವುದಿಲ್ಲ.

ಇದು ಚೀಟಿ ಎತ್ತಿದ ಪ್ರಯೋಗ ಅಲ್ಲ ಅನ್ನುವುದನ್ನು ಮರೆಯಬೇಡಿ. ಜೋಡಿ ಎಷ್ಟೇ ಚೆನ್ನಾಗಿ ಹಾಕಿದರೂ ನನ್ನ ಮೊದಲ ಅನುಮಾನ ಪೂರ್ತಿ ಹೋಗುವುದಿಲ್ಲ.

ತಿದ್ದುವ_ಪೆನ್ನು

ಬರೆಯುವಾಗ ಕ್ರಮ ಹೀಗಿಟ್ಟುಕೊಳ್ಳಿ ಅನ್ನುತ್ತೇನೆ, ಒಪ್ಪಿಗೆ ಇಲ್ಲದಿದ್ದರೆ ಬಿಡಿ. ಮರ್ಟನ್ ಯಾರು, ಬೆಕರ್ ಯಾರು ಅನ್ನುವ ಪರಿಚಯ 300 ಪದ ದಾಟಬಾರದು. ಆ ಇಬ್ಬರು ಹುಡುಗರು, ಒಂದೇ ಹೆಡ್‌ಫೋನ್, ಎರಡು ಫೋನ್ ಕರೆ, ಅಲ್ಲಿಂದ ವಾದ ಶುರು ಮಾಡಿ. ಮರ್ಟನ್ ಎಡವುವ ಜಾಗ ತೋರಿಸಿ, ಆಗ್ನ್ಯೂ ಅವನನ್ನು ಎತ್ತಿ ನಿಲ್ಲಿಸುವುದನ್ನು ತೋರಿಸಿ. ಆಮೇಲೆ ಕ್ಲೈನ್. ಅವನಿಗೆ ಧಾರಾಳವಾಗಿ 500 ಪದ ಕೊಡಿ. ಎರಡು ಲೆಕ್ಕ ಯಾಕೆ ಬೇರೆಯಾದವು ಅನ್ನುವುದನ್ನು ನಿಮ್ಮ ಮಾತಲ್ಲಿ ಬಿಡಿಸಿ ಹೇಳಿ. ಶಿಕಾಗೋದ್ದು ಅದರ ಬಾಲಕ್ಕೆ ಬರಲಿ.

ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಬರೆದಾದ ಮೇಲೆ ಯಾವುದೇ ಪ್ಯಾರಾ ತೆಗೆದುಕೊಳ್ಳಿ. ಅದರಲ್ಲಿ ಒಂದೇ ಸಿದ್ಧಾಂತದ ಹೆಸರು ಇದ್ದರೆ ಅದು ಪರಿಚಯ. ಎರಡೂ ಇದ್ದು, ನಡುವೆ ‘ಆದರೆ’ ಇದ್ದರೆ ಮಾತ್ರ ಹೋಲಿಕೆ.

ಬಿಡುವಿನ_ಓದು

ನಾನಿನ್ನೂ ಪೂರ್ತಿ ಒಪ್ಪಿಲ್ಲ ಅಂತ ದಾಖಲಾಗಲಿ. ಪುಂಡರಲ್ಲಿ ಕೆಲವರಾದರೂ ಒಳ್ಳೆ ದಾರಿಗೆ ಬಂದಿರಬೇಕಲ್ಲ? ಆರೂ ಜನಕ್ಕೆ ಒಂದೇ ಹಣೆಪಟ್ಟಿ ಇತ್ತು.

ತಿದ್ದುವ_ಪೆನ್ನು

ಬಂದರು. ಇಬ್ಬರಿಗೆ ಫುಟ್‌ಬಾಲ್ ಆಡಿದ್ದಕ್ಕೆ ವಿದ್ಯಾರ್ಥಿವೇತನ ಸಿಕ್ಕಿ ಕಾಲೇಜಿಗೆ ಹೋದರು, ಆಮೇಲೆ ಶಾಲೆಯಲ್ಲಿ ಪಾಠ ಹೇಳುತ್ತಾ ಆಟ ಕಲಿಸುವವರಾದರು. ಇನ್ನಿಬ್ಬರು ಬೇರೆ ಬೇರೆ ಕೊಲೆ ಪ್ರಕರಣಗಳಲ್ಲಿ ಶಿಕ್ಷೆ ಆಗಿ ಜೈಲಿಗೆ ಹೋದರು. ಆ ಇಬ್ಬರು ಆಟಗಾರರದ್ದನ್ನು ನೀವು ಹೇಗೆ ಓದುತ್ತೀರಿ? ವಿದ್ಯಾರ್ಥಿವೇತನ ಮುಚ್ಚಿದ ದಾರಿ ತೆರೆಯಿತು, ಒತ್ತಡ ಇಳಿಯಿತು ಅಂತಲೂ ಓದಬಹುದು. ಪುಂಡ ಅನ್ನುವ ಹೆಸರಿನ ಮೇಲೆ ಆಟಗಾರ ಅನ್ನುವ ಹೆಸರು ಕೂತಿತು ಅಂತಲೂ ಓದಬಹುದು. ಬರೀ ಆರು ಜನರಲ್ಲಿ ಯಾವುದು ಅಂತ ಹೇಳುವ ಧೈರ್ಯ ನನಗಿಲ್ಲ.

ಬಿಡುವಿನ_ಓದು

ದಾರಿ ತೆರೆಯಿತು. ಇನ್ನೇನು.

ಗಾಳಿಪಟ

ನನ್ನದು ಹತ್ತನೇ ಕ್ಲಾಸಿನಲ್ಲಿ ಬದಲಾಯಿತು. ಬೇರೆ ಶಾಲೆಗೆ ಸೇರಿಸಿದರು, ಅಲ್ಲಿ ಯಾರಿಗೂ ಬೀಗದ ವಿಷಯ ಗೊತ್ತಿರಲಿಲ್ಲ. ಮನೆಯ ಕಷ್ಟ ಹಾಗೇ ಇತ್ತು, ಗಣಿತದಲ್ಲಿ ಹಾಗೇ ಫೇಲಾಗುತ್ತಿದ್ದೆ. ದಾರಿ ಏನೂ ತೆರೆದಿರಲಿಲ್ಲ ಸ್ವಾಮಿ. ಆದರೂ ಆಮೇಲೆ ನಾನು ಏನನ್ನೂ ಮುರಿಯಲಿಲ್ಲ.

ಅಂಕಿಅಂಶ_ಪ್ರಿಯ

ಆಗ ನಿಮಗೆ ಒಂದೆರಡು ವಯಸ್ಸೂ ಜಾಸ್ತಿ ಆಗಿತ್ತು. ಆ ವಯಸ್ಸು ದಾಟುತ್ತಾ ಬಹಳ ಜನ ತಾವಾಗೇ ನಿಲ್ಲಿಸುತ್ತಾರೆ, ಹಣೆಪಟ್ಟಿ ಇದ್ದವರೂ ಇಲ್ಲದವರೂ.

ಗಾಳಿಪಟ

ಅದೂ ಇರಬಹುದು. ಆದರೆ ಆ ಹೊಸ ಶಾಲೆಯಲ್ಲಿ ಒಮ್ಮೆ ಯಾರದ್ದೋ ವಾಚು ಕಾಣೆಯಾಯಿತು. ನಾನು ಯಾರೂ ಕೇಳದೆಯೇ ಎದ್ದು ಬ್ಯಾಗು ತೆಗೆದು ಮೇಜಿನ ಮೇಲಿಟ್ಟೆ. ಮೇಡಂ ಮುಖ ನೋಡಿ, ‘ನಿನ್ನನ್ನು ಯಾರು ಕೇಳಿದರೋ, ಕೂತ್ಕೊ’ ಅಂದರು.

ಕೊನೇ_ಬೆಂಚು

ಎರಡನೇ ಕರಡು ಶುರು ಮಾಡಿದೆ. ಸದ್ಯ ಇಬ್ಬರು ಹುಡುಗರು ಅಂಗಡಿ ಬಾಗಿಲ ಹತ್ತಿರ ನಿಂತಿದ್ದಾರೆ. ಕ್ಲೈನ್ ಹತ್ತಿರ ಬಂದಾಗ ಮತ್ತೆ ತಲೆ ತಿನ್ನಲು ಬರುತ್ತೇನೆ. ಗಾಳಿಪಟ ಅವರೇ, ನಿಮ್ಮ ಬ್ಯಾಗಿನ ಕಥೆಯನ್ನು ಹೆಸರಿಲ್ಲದೆ ಒಂದು ಸಾಲು ಹಾಕಿಕೊಳ್ಳಲಾ?

ಗಾಳಿಪಟ

ಹಾಕಿಕೊಳ್ಳಿ. ನಲ್ಲಿ ವಿಷಯ ಬೇಡ.